ಸೂತ್ರ ಒತ್ತೋದಾ, ಅಂದಾಜು ಹಾಕೋದಾ?

ಬದಿಯಡ್ಕದ ಹತ್ತಿರ ನಮ್ಮ ತೋಟದ ದುಂಡಗಿನ ಟ್ಯಾಂಕಿಗೆ ತ್ರಿಜ್ಯ 5 ಮೀಟರ್. ಮಧ್ಯದಿಂದ 3 ಮೀಟರ್ ದೂರದಲ್ಲಿ ನೇರ ಗೋಡೆ ಕಟ್ಟಿಸಿ, ಆಚೆಯ ತುಂಡಿಗೆ ಟೈಲ್ಸ್ ಹಾಕಬೇಕಿತ್ತು. ಎಷ್ಟು ಚದರ ಮೀಟರ್?

ಪಕ್ಕಾ ದಾರಿ ಇದು:

```
r²·cos⁻¹(d/r) − d·√(r²−d²)
```

cos⁻¹(0.6) ಅಂದರೆ 0.9273. ಅದನ್ನು 25ರಿಂದ ಗುಣಿಸಿ 12 ಕಳೆದರೆ 11.18. ಆದರೆ ನಾನು ಮೊದಲ ಸಲ ಕ್ಯಾಲ್ಕುಲೇಟರನ್ನು ಡಿಗ್ರಿಯಲ್ಲೇ ಬಿಟ್ಟು ಒತ್ತಿದೆ, 1316 ಬಂತು! ಇಡೀ ಟ್ಯಾಂಕೇ 78.5 ಇರುವಾಗ ತುಂಡು ಅಷ್ಟಿರುತ್ತಾ? ರೇಡಿಯನ್ನಿಗೆ ಬದಲಿಸಿದ ಮೇಲೆ ಸರಿಹೋಯಿತು.

ಇನ್ನೊಂದು ದಾರಿಗೆ ಕೋನವೇ ಬೇಡ. ಜ್ಯಾ c = 2√(25−9) = 8, ಎತ್ತರ h = 5−3 = 2.

```
(2/3)·c·h + h³/(2c)
```

10.67ಕ್ಕೆ 0.5 ಸೇರಿಸಿದರೆ 11.17. ವ್ಯತ್ಯಾಸ ಒಂದು ಟೈಲ್ಸಿನಷ್ಟೂ ಇಲ್ಲ. ಆದರೆ ಎರಡನೇ ಪದ ಸುಮ್ನೆ ಬಿಟ್ಟುಬಿಟ್ಟರೆ ಸುಮಾರು ಅರ್ಧ ಚದರ ಮೀಟರ್ ಕಡಿಮೆ ಬೀಳುತ್ತೆ. ಗೋಡೆ ಕೇಂದ್ರದಲ್ಲೇ ಹಾದುಹೋದರೂ ಅಂದಾಜು ಜಾಸ್ತಿ ತಪ್ಪಲ್ಲ, 39.27ರ ಬದಲು 39.58 ಕೊಡುತ್ತೆ. ಕೇಂದ್ರ ಒಳಗಿರುವ ದೊಡ್ಡ ತುಂಡು ಬೇಕಾದರೆ ಮಾತ್ರ ಚಿಕ್ಕದನ್ನು ಲೆಕ್ಕ ಹಾಕಿ 78.54ರಿಂದ ಕಳೆಯಿರಿ.

ಮೇಸ್ತ್ರಿ ಜೊತೆ ನಿಂತು ಲೆಕ್ಕ ಹಾಕುವಾಗ ನನಗೆ ಎರಡನೆಯದೇ ಇಷ್ಟ. ನೀರಿನ ಅಳತೆಗೆ, ಅದರಲ್ಲೂ ಸ್ಪ್ರೆಡ್‌ಶೀಟಿನಲ್ಲಿ, ಮೊದಲನೆಯದು.