ಸ್ಯಾಟಿನ್‌ಗೆ ಹಳೆ ಪಂಚೆ, ಆರ್ಗನ್ಜಾಕ್ಕೆ ತೆಳು ಕಾಗದ: ಜಾರುವ ಬಟ್ಟೆಯ ಮೇಲೆ ಮಾಡಿ ನೋಡಿದ ಹೋಲಿಕೆ

ಸ್ಯಾಟಿನ್, ಆರ್ಗನ್ಜಾ ಎರಡನ್ನೂ ಟೇಲರುಗಳು ‘ಜಾರುವ ಬಟ್ಟೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಎರಡೂ ಕೈಕೊಡುವ ಜಾಗ ಬೇರೆ ಬೇರೆ. ಸ್ಯಾಟಿನ್ ಭಾರವಾಗಿ, ಮೆತ್ತಗೆ ಇರುವುದರಿಂದ ಕತ್ತರಿಸುವಾಗ ಮೇಜಿನ ಮೇಲೆ ಹರಿದಾಡುತ್ತದೆ. ಆರ್ಗನ್ಜಾ ಗರಿಗರಿಯಾಗಿರುವುದರಿಂದ ಕತ್ತರಿಸುವಾಗ ಅಷ್ಟು ಕಾಡುವುದಿಲ್ಲ, ಅದು ಕೆಡುವುದು ಸೂಜಿಯ ಕೆಳಗೆ. ಒಂದಕ್ಕೆ ಸರಿಹೋದ ಉಪಾಯವನ್ನು ಇನ್ನೊಂದಕ್ಕೂ ಹಾಕಿದರೆ ಕೆಲಸ ದುಪ್ಪಟ್ಟಾಗುತ್ತದೆಯೇ ಹೊರತು ಹೊಲಿಗೆ ಚೆಂದವಾಗುವುದಿಲ್ಲ.

ಹೋಲಿಕೆಗೆ ಒಂದೇ ಉಡುಪನ್ನು ಇಟ್ಟುಕೊಂಡಿದ್ದೇವೆ. ಆರು ವರ್ಷದ ಹುಡುಗಿಗೆ ಜಾತ್ರೆಗೋ ಮದುವೆಗೋ ಹೊಲಿಯುವ ಅರ್ಧ ವೃತ್ತದ ಲಂಗ, ಒಳಗೆ ಪಾಲಿಯೆಸ್ಟರ್ ಸ್ಯಾಟಿನ್, ಮೇಲೆ ಪಾಲಿಯೆಸ್ಟರ್ ಆರ್ಗನ್ಜಾ. ಸೊಂಟ 22 ಇಂಚು, ಉದ್ದ 20 ಇಂಚು. 22ನ್ನು 3.14ರಿಂದ ಭಾಗಿಸಿದರೆ 7 ಇಂಚು, ಅದು ಸೊಂಟದ ಗೆರೆಯ ತ್ರಿಜ್ಯ. ಮೇಲೆ ಅರ್ಧ ಇಂಚು ಮಾರ್ಜಿನ್ ಬೇಕಾದ್ದರಿಂದ ಕತ್ತರಿ ಓಡುವುದು 6.5 ಇಂಚಿನಲ್ಲಿ, ಕೆಳಗೆ 7ಕ್ಕೆ ಉದ್ದದ 20, ಅಂಚಿನ ಮಡಿಕೆಗೆ ಅರ್ಧ ಸೇರಿ 27.5 ಇಂಚಿನಲ್ಲಿ. ಹಿಂಬದಿಯ ನೇರ ಹೊಲಿಗೆಗೆ ಎರಡೂ ಕಡೆ ಅರ್ಧರ್ಧ ಇಂಚು ಹೆಚ್ಚು ಬಿಡಬೇಕು. 44 ಇಂಚು ಪನ್ನಾ ಇರುವ ಬಟ್ಟೆ ತಲಾ ಒಂದೂವರೆ ಮೀಟರ್ ಸಾಕು. ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ಸೊಂಟದ ಪಟ್ಟಿಯೂ ಆಗುತ್ತದೆ, ಹೊಲಿಗೆ ಪರೀಕ್ಷಿಸಲು ಚೂರುಗಳೂ ಸಿಗುತ್ತವೆ.

ಕತ್ತರಿಸುವುದು: ಮಡಚಿಯೋ, ಒಂದೇ ಪದರವೋ

ರೂಢಿಯಂತೆ ಬಟ್ಟೆ ಮಡಚಿ ಕಾಲು ವೃತ್ತ ಕತ್ತರಿಸಿದರೆ ಬೇಗ ಮುಗಿಯುತ್ತದೆ. ಹತ್ತಿ ಬಟ್ಟೆಗೆ ಅದೇ ಸರಿ. ಸ್ಯಾಟಿನ್‌ನಲ್ಲಿ ಕೆಳಗಿನ ಪದರ ಕಣ್ಣಿಗೆ ಕಾಣದಂತೆ ಸರಿದಿರುತ್ತದೆ. ಬಿಡಿಸಿ ನೋಡಿದಾಗ ಒಂದು ಬದಿಯ ಉದ್ದ ಇನ್ನೊಂದಕ್ಕಿಂತ ಬೆರಳಗಲ ಕಮ್ಮಿ ಬಂದಿರುತ್ತದೆ. ಅದನ್ನು ಸರಿ ಮಾಡಲು ಮತ್ತೆ ಕತ್ತರಿಸಿದರೆ ಉದ್ದವೇ ಹೋಗುತ್ತದೆ. ಆದ್ದರಿಂದ ಕಾಗದದ ಮೇಲೆ ಪೂರ್ತಿ ಅರ್ಧ ವೃತ್ತದ ನಮೂನೆ ಬರೆದುಕೊಂಡು ಒಂದೇ ಪದರದಲ್ಲಿ ಕತ್ತರಿಸುವುದು ಉತ್ತಮ. ಸ್ಯಾಟಿನ್ ಮೇಲೆ ಆರ್ಗನ್ಜಾ ಹಾಸಿ ಎರಡನ್ನೂ ಒಟ್ಟಿಗೆ ಕತ್ತರಿಸುವ ಆಸೆಯನ್ನೂ ಬಿಡಬೇಕು. ಒಂದು ಜೋತು ಬೀಳುವ ಬಟ್ಟೆ, ಒಂದು ಸೆಟೆದು ನಿಲ್ಲುವ ಬಟ್ಟೆ, ಎರಡೂ ಕತ್ತರಿಗೆ ಒಂದೇ ರೀತಿ ಸಿಗುವುದಿಲ್ಲ.

ಇನ್ನು ಕೆಳಗೆ ಏನು ಹಾಸಬೇಕು ಎಂಬ ಪ್ರಶ್ನೆ. ಸನ್ಮೈಕಾ ಮೇಜು, ಟೈಲ್ಸ್ ನೆಲ ಎರಡರ ಮೇಲೂ ಸ್ಯಾಟಿನ್ ನಿಲ್ಲುವುದಿಲ್ಲ. ತೆಳು ಕಾಗದ ಹಾಸಿ ಬಟ್ಟೆ, ಕಾಗದ ಎರಡನ್ನೂ ಸೇರಿಸಿ ಕತ್ತರಿಸಿದರೆ ಗೆರೆ ಅಚ್ಚುಕಟ್ಟಾಗಿ ಬರುತ್ತದೆ ನಿಜ. ಆದರೆ ಇಷ್ಟು ದೊಡ್ಡ ತುಂಡಿಗೆ ಕಾಗದ ಅಂಟಿಸುತ್ತ ಕೂರಬೇಕು, ಕತ್ತರಿಯ ಬಾಯಿಯೂ ಮೊಂಡಾಗುತ್ತದೆ. ಅದರ ಬದಲು ಒಗೆದು ಮೆತ್ತಗಾದ ಹಳೆ ಹತ್ತಿ ಪಂಚೆಯನ್ನು ಮೇಜಿನ ಮೇಲೆ ಬಿಗಿಯಾಗಿ ಎಳೆದು ಅಂಚುಗಳನ್ನು ಕೆಳಗೆ ಕಟ್ಟಿ, ಅದರ ಮೇಲೆ ಸ್ಯಾಟಿನ್ ಹಾಸಿ ನೋಡಿ. ಹತ್ತಿಯ ನವಿರು ನೂಲೇ ಸ್ಯಾಟಿನ್ನನ್ನು ಹಿಡಿದುಕೊಳ್ಳುತ್ತದೆ. ಸ್ಯಾಟಿನ್ ಕತ್ತರಿಸಲು ನಮ್ಮ ಆಯ್ಕೆ ಪಂಚೆಯೇ. ಆರ್ಗನ್ಜಾಕ್ಕೂ ಅದು ಸಾಕು.

ಪಿನ್ನು ಚುಚ್ಚುವ ಬದಲು ನಮೂನೆಯ ಮೇಲೆ ಭಾರ ಇಡಿ. 200 ಗ್ರಾಂ ತೂಕದ ಕಲ್ಲು ಐದಾರು ಇದ್ದರೆ ಬಹಳ ಅನುಕೂಲ, ಇಲ್ಲದಿದ್ದರೆ ಒಣಗಿದ, ತಳ ನಯವಾದ ಯಾವುದೇ ಭಾರದ ವಸ್ತು ಆದೀತು. ಪಿನ್ನು ಚುಚ್ಚುವಾಗ ಬಟ್ಟೆ ಮೇಲೆದ್ದು ಗೆರೆ ತಪ್ಪುತ್ತದೆ, ಭಾರ ಇಟ್ಟರೆ ಬಟ್ಟೆ ಬಿದ್ದಲ್ಲೇ ಬಿದ್ದಿರುತ್ತದೆ. ಕತ್ತರಿಯ ಕೆಳಗಿನ ಅಲಗು ಮೇಜನ್ನು ಬಿಟ್ಟು ಏಳಬಾರದು, ತುದಿ ಪೂರ್ತಿ ಮುಚ್ಚುವ ಮೊದಲೇ ಮುಂದಕ್ಕೆ ಸರಿಸಬೇಕು. ಪೂರ್ತಿ ಮುಚ್ಚಿದ ಕಡೆಯೆಲ್ಲ ಅಂಚಿನಲ್ಲಿ ಒಂದೊಂದು ಹಲ್ಲು ಮೂಡುತ್ತದೆ.

ಕತ್ತರಿಸಿದ ಕೂಡಲೇ ಸೊಂಟದ ಕಮಾನಿಗೆ ಅಂಚಿನಿಂದ ಸುಮಾರು ಮೂರು ಎಂಟಾಂಶ ಇಂಚು ಒಳಗೆ ಒಂದು ಸುತ್ತು ಹೊಲಿಗೆ ಹಾಕಿಬಿಡಿ. ಅಲ್ಲಿ ಬಟ್ಟೆ ಓರೆಯಾಗಿ ಬಂದಿರುತ್ತದೆ, ಎತ್ತಿ ಇಳಿಸುವಷ್ಟರಲ್ಲೇ 22 ಇಂಚಿನ ಸೊಂಟ ಹಿಗ್ಗಲು ಶುರುವಾಗುತ್ತದೆ.

ಪಿನ್ನು, ಕ್ಲಿಪ್ಪು, ಕಚ್ಚಾ ಹೊಲಿಗೆ

ಕ್ಲಿಪ್ಪು ತನ್ನ ಭಾರಕ್ಕೇ ಸ್ಯಾಟಿನ್ ಅಂಚನ್ನು ಜಗ್ಗುತ್ತದೆ, ಬೇಡ. ಕಚೇರಿಯ ಗುಂಡುಪಿನ್ನು ದಪ್ಪ, ತೂತು ಉಳಿಸುತ್ತದೆ. ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ಮಳೆಗಾಲಕ್ಕೆ ತುಕ್ಕು ಹಿಡಿದರೆ ಬಿಳಿ ಸ್ಯಾಟಿನ್ ಮೇಲೆ ಕಂದು ಚುಕ್ಕೆಯನ್ನೂ ಬಿಡುತ್ತದೆ. ತೆಳುವಾದ ಸ್ಟೀಲ್ ಪಿನ್ನುಗಳನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಟ್ಟು, ಎರಡೆರಡು ಇಂಚಿಗೆ ಒಂದರಂತೆ, ಹೊಲಿಗೆ ಗೆರೆಗೆ ಅಡ್ಡವಾಗಿ, ಮಾರ್ಜಿನ್ ಒಳಗೇ ಚುಚ್ಚಿ. ನೇರ ಹೊಲಿಗೆಗೆ ಇಷ್ಟು ಸಾಕು. ಸೊಂಟದ ಪಟ್ಟಿ ಕೂಡಿಸುವಲ್ಲಿ ಮಾತ್ರ ಪಿನ್ನು ಸಾಲದು. ಅಲ್ಲಿ ಸ್ಯಾಟಿನ್, ಆರ್ಗನ್ಜಾ, ಪಟ್ಟಿ ಮೂರೂ ಮೂರು ದಿಕ್ಕಿಗೆ ಜಾರುತ್ತವೆ. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಆಮೇಲೆ ಮಿಷನ್ನಿಗೆ ಕೊಟ್ಟರೆ ಬಿಚ್ಚುವ ಕೆಲಸ ಇರುವುದಿಲ್ಲ.

ಸೂಜಿ: 14, 11, 9

ಮನೆಯ ಮಿಷನ್ನಿನಲ್ಲಿ ಸಾಮಾನ್ಯವಾಗಿ ಇರುವುದು 14ನೇ ನಂಬರಿನ ಸೂಜಿ. ಅದರಲ್ಲಿ ಹೊಲಿದ ಸ್ಯಾಟಿನ್ನನ್ನು ಬೆಳಕಿಗೆ ಓರೆ ಹಿಡಿದು ನೋಡಿ: ಹೊಲಿಗೆಯಿಂದ ಅಡ್ಡಕ್ಕೆ ಎಳೆ ಜಗ್ಗಿದಂಥ ಸಣ್ಣ ಗೆರೆಗಳು ಕಾಣುತ್ತವೆ. ದಪ್ಪ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಳ್ಳುವ ಬದಲು ಎಳೆಯನ್ನೇ ತಳ್ಳಿಕೊಂಡು ಹೋಗಿರುವ ಗುರುತು ಅದು. ಇಸ್ತ್ರಿಗೂ ಹೋಗುವುದಿಲ್ಲ. 11ರಲ್ಲಿ ಸ್ಯಾಟಿನ್ ಹೊಲಿಗೆ ನಯವಾಗಿ ಕೂರುತ್ತದೆ. ಅದೇ 11ರಲ್ಲಿ ಆರ್ಗನ್ಜಾ ಹೊಲಿದರೆ ಬೆಳಕಿನ ಎದುರು ಚುಚ್ಚಿದ ತೂತು ಸಾಲಾಗಿ ಕಾಣುತ್ತದೆ, 9ರಲ್ಲಿ ಕಾಣುವುದಿಲ್ಲ. ಹಾಗೆಂದು ಎಲ್ಲಕ್ಕೂ 9 ಹಾಕಿಕೊಂಡು ಕೂತರೆ ಸೊಂಟದ ಪಟ್ಟಿಯ ದಪ್ಪದಲ್ಲಿ ಸೂಜಿ ಬಾಗುತ್ತದೆ, ಹೊಲಿಗೆ ತಪ್ಪುತ್ತದೆ. ಆರ್ಗನ್ಜಾದ ಹೊಲಿಗೆಗೆ 9, ಸ್ಯಾಟಿನ್‌ಗೂ ಸೊಂಟ ಕೂಡಿಸುವುದಕ್ಕೂ 11: ಒಂದು ಲಂಗಕ್ಕೆ ಎರಡು ಸೂಜಿ.

9ರ ಕಣ್ಣು ಚಿಕ್ಕದು, ದಪ್ಪ ದಾರ ಅಲ್ಲಿ ಉಜ್ಜಿ ನಾರಾಗುತ್ತದೆ. ತೆಳು ಪಾಲಿಯೆಸ್ಟರ್ ದಾರವನ್ನೇ ಹಾಕಿ. ಬಾಬಿನ್‌ಗೆ ದಾರ ಸುತ್ತುವಾಗ ಅವಸರ ಬೇಡ. ಬಿರುಸಿನಿಂದ ಸುತ್ತಿದ ಪಾಲಿಯೆಸ್ಟರ್ ದಾರ ಹಿಗ್ಗಿಕೊಂಡು ಕೂತಿರುತ್ತದೆ, ಹೊಲಿದಾದ ಮೇಲೆ ಮೊದಲಿನ ಉದ್ದಕ್ಕೆ ಮರಳಿ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ. ಹೊಲಿಯುವಾಗ ನೆಟ್ಟಗಿದ್ದು ಮರುದಿನ ಸುಕ್ಕು ಕಂಡರೆ ಮೊದಲು ಅನುಮಾನಿಸಬೇಕಾದ್ದು ಬಾಬಿನ್ನನ್ನು. ಸೂಜಿ ಇಳಿಯುವಾಗ ‘ಟಕ್ ಟಕ್’ ಎಂದು ಸದ್ದು ಕೇಳಿಸಿದರೆ ತುದಿ ಮೊಂಡಾಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ ಬದಲಿಸಿ.

ಹೊಲಿಗೆಯ ಕೆಳಗೆ: ಬರೀ ಬಟ್ಟೆ, ಪತ್ರಿಕೆ, ಬಟರ್ ಪೇಪರ್, ತೆಳು ಕಾಗದ, ಗಂಜಿ

ಹಿಂಬದಿಯ 20 ಇಂಚಿನ ನೇರ ಹೊಲಿಗೆಯಲ್ಲೇ ಈ ವ್ಯತ್ಯಾಸ ಚೆನ್ನಾಗಿ ತಿಳಿಯುವುದು. ಏನೂ ಹಾಕದೆ ಹೊಲಿದರೆ ಕೆಳಗಿನ ಹಲ್ಲು ಕೆಳ ಪದರವನ್ನು ಮುಂದಕ್ಕೆ ತಳ್ಳುತ್ತದೆ, ಮೇಲಿನ ಪಾದ ಮೇಲ್ಪದರವನ್ನು ತಡೆಯುತ್ತದೆ. ಕೊನೆ ಮುಟ್ಟುವಾಗ ಮೇಲ್ಪದರ ಕಾಲಿಂಚಿನಷ್ಟು ಹೊರಗೆ ಉಳಿದಿರುತ್ತದೆ. ಆರ್ಗನ್ಜಾದಲ್ಲಿ ಇನ್ನೊಂದು ಕಾಟ: ಶುರುವಿನಲ್ಲೇ ಸೂಜಿ ಬಟ್ಟೆಯ ಮೂಲೆಯನ್ನು ತಟ್ಟೆಯ ತೂತಿಗೆ ನೂಕುತ್ತದೆ. ಜಿಗ್‌ಜ್ಯಾಗ್ ಮಿಷನ್ನಿನ ತೂತು ಅಗಲ, ಅಲ್ಲಿ ಈ ಕಾಟ ಹೆಚ್ಚು. ನೇರ ಹೊಲಿಗೆ ಮಾತ್ರ ಹಾಕುವ ಹಳೆ ಕಪ್ಪು ಕಾಲು ಮಿಷನ್ನಿನ ತೂತು ಸಣ್ಣದು, ದುಂಡಗಿನದು. ಮನೆಯಲ್ಲಿ ಎರಡೂ ಇದ್ದರೆ ಆರ್ಗನ್ಜಾವನ್ನು ಹಳೆಯದರಲ್ಲೇ ಹೊಲಿಯಿರಿ.

ಪತ್ರಿಕೆಯ ಕಾಗದ ಹಾಕಿದರೆ ಜಾರುವುದು ನಿಲ್ಲುತ್ತದೆ, ಶಾಯಿ ಹತ್ತುತ್ತದೆ. ಕಾಗದ ದಪ್ಪವಾದ್ದರಿಂದ ಹರಿಯುವಾಗ ಹೊಲಿಗೆಯನ್ನೂ ಎಳೆಯುತ್ತದೆ. ಬಟರ್ ಪೇಪರ್ ಸ್ವಚ್ಛ, ಆದರೆ ಅದೇ ನುಣುಪಾಗಿರುವುದರಿಂದ ಪಿನ್ನಿಲ್ಲದೆ ನಿಲ್ಲುವುದಿಲ್ಲ. ಹೊಸ ಅಂಗಿ, ಚಪ್ಪಲಿ ಡಬ್ಬಿಯಲ್ಲಿ ಸುತ್ತಿ ಬರುವ ಬಿಳಿ ತೆಳು ಕಾಗದವೇ ಎಲ್ಲಕ್ಕಿಂತ ಮೇಲು. ಬಣ್ಣದ್ದು ಬೇಡ, ಬೆವರುಗೈ ತಾಗಿದರೂ ಬಣ್ಣ ಬಿಡುತ್ತದೆ.

ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿಕೊಂಡು ಬಟ್ಟೆಯ ಕೆಳಗಿಡಿ, ಶುರುವಿನಲ್ಲಿ ಒಂದು ಇಂಚು ಹೊರಗೆ ಚಾಚಿರಲಿ. ಮೊದಲ ನಾಲ್ಕಾರು ಹೊಲಿಗೆ ಕಾಗದದ ಮೇಲೆ ಬಿದ್ದು ಆಮೇಲೆ ಬಟ್ಟೆಗೆ ಏರಬೇಕು. ಆಗ ಹಲ್ಲು ಹಿಡಿಯುವುದು ಕಾಗದವನ್ನು, ಮೂಲೆ ತೂತಿಗೆ ಇಳಿಯುವುದಿಲ್ಲ. ಹೊಲಿಗೆ ಉದ್ದ 2 ಮಿಲಿಮೀಟರ್ ಇರಲಿ. ಇದಕ್ಕಿಂತ ಉದ್ದವಾದರೆ ಕಾಗದದಲ್ಲಿ ತೂತುಗಳು ದೂರವಾಗಿ ಹರಿಯುವಾಗ ದಾರ ಜಗ್ಗುತ್ತದೆ. ಆರ್ಗನ್ಜಾದಲ್ಲಿ ಹಿಂದೆ ಮುಂದೆ ಹೊಲಿದು ಲಾಕ್ ಮಾಡಬೇಡಿ, ದಾರದ ತುದಿ ಬಿಟ್ಟು ಕೈಯಲ್ಲಿ ಗಂಟು ಹಾಕಿ. ಕಾಗದ ತೆಗೆಯುವಾಗ ಎಡಗೈ ಹೆಬ್ಬೆರಳಿನಿಂದ ಹೊಲಿಗೆಯನ್ನು ಒತ್ತಿ ಹಿಡಿದು, ಹೊಲಿಗೆಯ ಕಡೆಗೇ ಹರಿಯಬೇಕು.

ಆರ್ಗನ್ಜಾಕ್ಕೆ ಫ್ರೆಂಚ್ ಹೊಲಿಗೆ ಬೇಕೇ ಬೇಕು, ಮಾರ್ಜಿನ್ ಹೊರಗೆ ಕಾಣುತ್ತದಲ್ಲ. ಮೊದಲು ಉಲ್ಟಾ ಬದಿಗಳು ಒಳಗಾಗುವಂತೆ ಇಟ್ಟು ಕಾಲಿಂಚಿನಲ್ಲಿ ಹೊಲಿದು, ಅಂಚನ್ನು ಅರೆಕಾಲು ಇಂಚಿಗೆ ಕತ್ತರಿಸಿ, ಮಗುಚಿ ಮತ್ತೆ ಕಾಲಿಂಚಿನಲ್ಲಿ ಹೊಲಿಯಬೇಕು. ಅರ್ಧ ಇಂಚು ಮಾರ್ಜಿನ್ ಅಲ್ಲಿಗೆ ಸರಿಹೋಯಿತು. ಮಗುಚುವ ಮೊದಲು ಕಾಗದದ ಒಂದು ಚೂರೂ ಉಳಿಯಬಾರದು. ಒಳಗೆ ಸಿಕ್ಕಿದ್ದು ಬಿಳಿ ಮಚ್ಚೆಯಂತೆ ಹೊರಗೆ ಕಾಣುತ್ತದೆ, ತೆಗೆಯಲು ಬರುವುದಿಲ್ಲ.

ಮಳೆಗಾಲದಲ್ಲಿ ಕರಾವಳಿಯಲ್ಲಾಗಲಿ ಶಿರಸಿಯಲ್ಲಾಗಲಿ ಈ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ. ಆಗ ಗೆರೆಗುಂಟ ಹರಿಯದೆ ನಾರುನಾರಾಗಿ ಬಿಡುತ್ತದೆ. ಬೆಚ್ಚಗಿನ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಸಲ ಆಡಿಸಿ, ಗರಿಯಾದ ಕೂಡಲೇ ಬಳಸಬೇಕು.

ಗಂಜಿಯ ಉಪಾಯ ಹಳೆಯದು. ತೆಳು ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ತುಂಡನ್ನು ಅದ್ದಿ, ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿದರೆ ಸ್ಯಾಟಿನ್ ಕೂಡ ಕಾಗದದಂತೆ ನಿಲ್ಲುತ್ತದೆ. ಕುಚ್ಚಲಕ್ಕಿ ಗಂಜಿ ಬೇಡ, ಅದರ ಕೆಂಪು ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ. ಬಿಳಿ ಅಕ್ಕಿಯದೇ ಆಗಬೇಕು. ಹೊಲಿದ ಮೇಲೆ ಪೂರ್ತಿ ಒಗೆಯಬೇಕಾದ್ದರಿಂದ ಇದು ಪಾಲಿಯೆಸ್ಟರ್‌ಗೆ ಮಾತ್ರ. ರೇಷ್ಮೆಯ ಸ್ಯಾಟಿನ್ ಮೇಲೆ ನೀರಿನ ಕಲೆಯೇ ನಿಂತುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಜಿ ಹಾಕಿದ ಬಟ್ಟೆ ಒಣಗುವುದೂ ಕಷ್ಟ, ಹುಳಿ ವಾಸನೆಯೂ ಬರುತ್ತದೆ. ಬೇಸಿಗೆಯಲ್ಲಿ, ಕಾಗದ ಸಿಗದಿದ್ದಾಗ ಮಾಡಬಹುದು ಅಷ್ಟೆ.

ಕೆಳ ಅಂಚು

ಸೊಂಟದ ಪಟ್ಟಿ ಕೂಡಿಸಿದ ಮೇಲೆ ಲಂಗವನ್ನು ಒಂದು ಇಡೀ ದಿನ ನೇತುಹಾಕಿ. ಓರೆ ಬಂದ ಕಡೆ ಸ್ಯಾಟಿನ್ ತನ್ನ ಭಾರಕ್ಕೆ ಇಳಿಯುತ್ತದೆ, ಆರ್ಗನ್ಜಾ ಅಷ್ಟಾಗಿ ಇಳಿಯುವುದಿಲ್ಲ. ಮರುದಿನ ನೆಲದಿಂದ ಅಳೆದು ಎರಡನ್ನೂ ಬೇರೆ ಬೇರೆಯಾಗಿ ಸಮ ಮಾಡಿ, ಸ್ಯಾಟಿನ್ ಅರ್ಧ ಇಂಚು ಗಿಡ್ಡವಿರಲಿ. ಅಂಚಿಗೆ ಎರಡು ದಾರಿ ನೋಡಿದೆವು. ಒಂದು, ಬರೀ ಸಣ್ಣ ಮಡಿಕೆ. ಇನ್ನೊಂದು, ಮಡಿಕೆಯೊಳಗೆ ಗಾಳದ ನೈಲಾನ್ ದಾರ ಕೂರಿಸುವುದು. ಮೀನುಗಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಅದು ಸಿಗುತ್ತದೆ. ದಾರ ಹಾಕಿದ ಆರ್ಗನ್ಜಾ ಅಂಚು ಅಲೆಯಲೆಯಾಗಿ ನಿಂತು ಬಹಳ ಚೆಂದ ಕಾಣುತ್ತದೆ. ಆದರೆ ದಾರದ ತುದಿ ಹಿಂಬದಿಯ ಹೊಲಿಗೆಯ ಹತ್ತಿರ ಹೊರಬಂದು ಕಾಲಿಗೆ ಚುಚ್ಚಬಹುದು. ತುದಿಗಳನ್ನು ಒಂದಿಂಚು ಒಂದರ ಮೇಲೊಂದು ಹಾಯಿಸಿ, ಮಡಿಕೆಯೊಳಗೇ ಹುದುಗಿಸಿ ಹೊಲಿಯಬೇಕು. ಆರು ವರ್ಷದವಳ ಲಂಗಕ್ಕೆ ನಾವು ಸಣ್ಣ ಮಡಿಕೆಯನ್ನೇ ಆರಿಸುತ್ತೇವೆ. ಅಂಚಿನಿಂದ ಕಾಲಿಂಚಿನಲ್ಲಿ ಒಂದು ಹೊಲಿಗೆ, ಅದೇ ಗೆರೆಗೆ ಮಡಚಿ ಮಡಿಕೆಯ ತುದಿಯಲ್ಲಿ ಎರಡನೆಯದು, ಉಳಿದ ಅಂಚನ್ನು ಹೊಲಿಗೆಯ ಹತ್ತಿರಕ್ಕೆ ಕತ್ತರಿಸಿ ಇನ್ನೊಮ್ಮೆ ಮಡಚಿ ಮೂರನೆಯದು. ಮೊದಲ ಸುತ್ತಿಗೆ ಮಾತ್ರ ಕೆಳಗೆ ತೆಳು ಕಾಗದ ಬೇಕು. ಉಳಿದೆರಡಕ್ಕೆ ಮಡಿಕೆಯ ದಪ್ಪವೇ ಸಾಕು.