"ಶುಕ್ರವಾರ ಮಧ್ಯರಾತ್ರಿವರೆಗೆ ಮಾತ್ರ!" ಅಂತ ನಂಬಿ ಕೆಟ್ಟೆ. ಆಫರ್ ಕ್ಯಾಪ್ಷನ್ ಬರೆಯೋರೂ ಓದಿ

ಆನ್‌ಲೈನ್ ಅಂಗಡಿಯೊಂದು ತನ್ನ ಪೋಸ್ಟ್‌ಗೆ ಹಾಕಿದ್ದ ಆ ಕ್ಯಾಪ್ಷನ್ ಮೊದಲು ನೋಡಿಬಿಡಿ: "50% ವರೆಗೆ ರಿಯಾಯಿತಿ!! ಶುಕ್ರವಾರ ಮಧ್ಯರಾತ್ರಿವರೆಗೆ ಮಾತ್ರ. ಬೇಗ ಬೇಗ!" ಆಮೇಲೆ ಹ್ಯಾಶ್‌ಟ್ಯಾಗ್‌ಗಳ ಸಾಲು. ಅದರ ಕೆಳಗೆ, "ಇನ್ನಷ್ಟು" ಒತ್ತಿದರೆ ಮಾತ್ರ ಕಾಣೋ ಜಾಗದಲ್ಲಿ, "ಷರತ್ತುಗಳು ಅನ್ವಯ. ಆಫರ್ ವಸ್ತು ವಾಪಸ್ ಇಲ್ಲ."

ನಾನು ಇಂಥ ಕ್ಯಾಪ್ಷನ್ ಬರೆದೇ ಹೊಟ್ಟೆ ಹೊರೆಯೋನು. ಆದರೂ ಬಿದ್ದೆ. ನಾಚಿಕೆ ಆಗುತ್ತೆ.

ಶುಕ್ರವಾರ ರಾತ್ರಿ ಎಂಟಕ್ಕೆ ಕೂಪನ್ ಹಾಕಿದರೆ "ಅವಧಿ ಮುಗಿದಿದೆ" ಅಂತ ಬಂತು. ಮಧ್ಯರಾತ್ರಿಗೆ ಇನ್ನೂ ನಾಲ್ಕು ಗಂಟೆ ಇದೆಯಲ್ಲ ಅಂತ ಮೆಸೇಜ್ ಮಾಡಿದೆ. ಉತ್ತರ: "ಸರ್, ಶುಕ್ರವಾರ 12 ಗಂಟೆಗೇ ಮುಗೀತಲ್ಲ." ಯಾವ 12? ಅವರು ಕೂಪನ್ ಸೆಟ್ ಮಾಡುವಾಗ ತಾರೀಖು ಶುಕ್ರವಾರ, ಸಮಯ 12:00 AM ಅಂತ ಹಾಕಿದ್ದರು. ಅದು ಶುಕ್ರವಾರದ ಕೊನೆ ಅಲ್ಲ, ಶುರು! ಅಂದರೆ ಗುರುವಾರ ರಾತ್ರಿ ಎಲ್ಲರೂ ಮಲಗೋ ಹೊತ್ತಿಗೇ ಆಫರ್ ಸತ್ತಿತ್ತು. ಶುಕ್ರವಾರ ಪೂರ್ತಿ ಕ್ಯಾಪ್ಷನ್ ಮಾತ್ರ "ಬೇಗ ಬೇಗ" ಅಂತ ಕೂಗ್ತಾ ಇತ್ತು.

ಅದಕ್ಕೇ "ಮಧ್ಯರಾತ್ರಿ" ಅನ್ನೋ ಪದವನ್ನೇ ಬರೀಬೇಡಿ. "14ನೇ ತಾರೀಖು ಶುಕ್ರವಾರ ರಾತ್ರಿ 11:59" ಅಂತ ಬರೆಯಿರಿ, ಕೂಪನ್ ಸೆಟ್ಟಿಂಗ್‌ನಲ್ಲೂ ಅದನ್ನೇ ಹಾಕಿ. ಬೇರೆ ದೇಶದಲ್ಲೂ ಗಿರಾಕಿಗಳಿದ್ದರೆ ಯಾವ ಊರಿನ ಸಮಯ ಅಂತಲೂ ಸೇರಿಸಿ, ಯಾಕಂದ್ರೆ ಕೂಪನ್ ಓಡೋದು ನಿಮ್ಮ ಅಂಗಡಿಯ ಗಡಿಯಾರದ ಮೇಲೆ, ಓದೋರ ಗಡಿಯಾರದ ಮೇಲಲ್ಲ. "ಇಂದು", "ನಾಳೆ" ಕೂಡ ಬೇಡ. ಪೋಸ್ಟ್ ಎರಡು ದಿನ ಬಿಟ್ಟು ಕಣ್ಣಿಗೆ ಬಿದ್ದೋರಿಗೆ ನಿಮ್ಮ "ಇಂದು" ಯಾವತ್ತು ಅಂತ ಹೇಗೆ ಗೊತ್ತಾಗಬೇಕು?

ಶನಿವಾರ ಬೆಳಗ್ಗೆ ಅದೇ ಪೋಸ್ಟ್, ಕ್ಯಾಪ್ಷನ್ ಮಾತ್ರ ಬೇರೆ: "ನಿಮ್ಮ ಒತ್ತಾಯದ ಮೇರೆಗೆ ಭಾನುವಾರದವರೆಗೆ ವಿಸ್ತರಣೆ!" ಯಾರು ಒತ್ತಾಯಿಸಿದರೋ! ಈ ಸಲವಾದರೂ ತಪ್ಪಬಾರದು ಅಂತ ಅವಸರದಲ್ಲಿ ಒಂದು ಬ್ಯಾಗ್ ಆರಿಸಿದೆ, ದುಡ್ಡು ಕಟ್ಟಿದೆ. ಬಿಲ್ ಬಂದಾಗ ನೋಡಿದರೆ ಕಡಿತ 10%. ಐವತ್ತಲ್ಲ, ಹತ್ತು. ಆ ಬಿಲ್ಲನ್ನ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: "'ವರೆಗೆ' ಅಂತ ಬರೆದಿದ್ದೀವಲ್ಲ ಸರ್, ಓದಿಲ್ವಾ?" ಓದಿದ್ದೆ ಸ್ವಾಮಿ! ಇದ್ದ 40 ಮಾದರಿಗಳಲ್ಲಿ 50% ಇದ್ದದ್ದು ಎರಡಕ್ಕೆ, ಉಳಿದ 38ಕ್ಕೂ ಹತ್ತೇ. ಕ್ಯಾನ್ಸಲ್ ಮಾಡಿ ಅಂದೆ. "ಆಫರ್ ವಸ್ತು ವಾಪಸ್ ಇಲ್ಲ, ಕ್ಯಾಪ್ಷನ್‌ನಲ್ಲೇ ಇದೆ ಸರ್." ಹೌದು, ಇದೆ. ಹ್ಯಾಶ್‌ಟ್ಯಾಗ್ ಕೆಳಗೆ ಹೂತಿಟ್ಟಿದ್ದಾರೆ.

"ವರೆಗೆ" ಅನ್ನೋದು ಸುಳ್ಳಲ್ಲ, ಅದೇ ಅದರ ಕರಾಮತ್ತು. ಒಂದೇ ಒಂದು ವಸ್ತುವಿಗೆ 50% ಇದ್ದರೂ ವಾಕ್ಯ ನಿಜವೇ, ಓದೋರ ಕಣ್ಣು ನಿಲ್ಲೋದು ಮಾತ್ರ ಅಂಕಿಯ ಮೇಲೆ. ಹೆಚ್ಚಿನ ವಸ್ತುಗಳಿಗೆ ಎಷ್ಟು ಕಡಿತವೋ ಆ ಅಂಕಿಯೂ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಇರಬೇಕು. ಫೀಡ್‌ನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲಷ್ಟೇ ಕಾಣೋದು. ಹಾಗಾಗಿ ಎಷ್ಟು, ಯಾವುದಕ್ಕೆ, ಯಾವಾಗಿನವರೆಗೆ, ಇವು ಮೂರೂ ಅಲ್ಲೇ ಬರಬೇಕು. ದುಡ್ಡು ಸಿಕ್ಕಿಬೀಳೋ ಷರತ್ತು, ಅಂದರೆ ವಾಪಸ್ ಇಲ್ಲ, ಕನಿಷ್ಠ ಖರೀದಿ ಇಷ್ಟು ಅನ್ನೋದು, ಅದರ ಬೆನ್ನಿಗೇ. ಹ್ಯಾಶ್‌ಟ್ಯಾಗ್ ಎಲ್ಲಕ್ಕಿಂತ ಕೊನೆಗೆ.

ಅದೇ ಆಫರನ್ನ ಹೀಗೆ ಬರೀಬಹುದಿತ್ತು:

"2 ಮಾದರಿಗೆ 50%, ಉಳಿದ 38ಕ್ಕೆ 10% ರಿಯಾಯಿತಿ. 14ನೇ ತಾರೀಖು ಶುಕ್ರವಾರ ರಾತ್ರಿ 11:59ಕ್ಕೆ ಮುಕ್ತಾಯ. ಆಫರ್‌ನಲ್ಲಿ ಕೊಂಡದ್ದು ವಾಪಸ್ ಇಲ್ಲ. 50% ಮಾದರಿಯ ಬ್ಯಾಗ್ ಉಳಿದಿರೋದು 6."

ಇದರಲ್ಲೂ ಅವಸರ ಇದೆ ತಾನೇ? "ಬೇಗ ಬೇಗ" ಮಾಡೋ ಕೆಲಸವನ್ನ ತಾರೀಖು ಮತ್ತು ಆ 6 ಮಾಡ್ತವೆ. ಆದರೆ ಆ 6 ಸ್ಟಾಕ್ ಲೆಕ್ಕದಿಂದ ಬಂದಿರಬೇಕು, ಮಾರಾಟ ಆದ ಹಾಗೆ ಕ್ಯಾಪ್ಷನ್‌ನಲ್ಲೂ ಇಳಿಬೇಕು. ದಿನಾ ತಿದ್ದೋಕೆ ಆಗಲ್ಲ ಅಂದ್ರೆ ಹಾಕಲೇಬೇಡಿ. ನಾಲ್ಕು ದಿನ ಕದಲದ 6 ಕೂಡ ಸುಳ್ಳೇ.

ಇನ್ನು ವಿಸ್ತರಣೆ. ಪೇಮೆಂಟ್ ಪುಟ ಕೆಟ್ಟು ಮೂರು ಗಂಟೆ ನಿಂತಿತು ಅನ್ನಿ, ಅದನ್ನೇ ಬರೆದು ಅಷ್ಟೇ ಮೂರು ಗಂಟೆ ಕೊಡಿ. ಸ್ಟಾಕ್ ಉಳಿದಿದೆ ಅಂತ "ಕೊನೆಯ ದಿನ"ವನ್ನ ಎಳೆದರೆ, ಅವಸರಪಟ್ಟು ಮೊದಲೇ ಕೊಂಡವನು ಪೆದ್ದನಾಗ್ತಾನೆ. ನನ್ನ ಹಾಗೆ.

ಕೊಳ್ಳೋರಿಗೆ ಒಂದೇ ಮಾತು: ದುಡ್ಡು ಕಟ್ಟೋ ಮುಂಚೆ ಕೊನೇ ಪುಟದಲ್ಲಿ ಕಡಿತ ಎಷ್ಟು ಅಂತ ನೋಡಿ, ಕ್ಯಾಪ್ಷನ್ ಪೂರ್ತಿ ಬಿಚ್ಚಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅವರು ತಿದ್ದುತ್ತಾರೆ. ನನ್ನ ಹತ್ತಿರ ಶುಕ್ರವಾರದ್ದು ಇಲ್ಲ, ಅದಕ್ಕೇ ವಾದ ಅಲ್ಲಿಗೇ ನಿಂತಿತು.

ಇವತ್ತು ಸೋಮವಾರ. ಈಗಷ್ಟೇ ನೋಡಿದೆ. "ಇಂದೇ ಕೊನೆಯ ದಿನ!!" ಅಂತಿದೆ.