ಮೂರು ಬಿಸ್ಕತ್ತು ಪ್ಯಾಕೆಟ್ಟು, ಒಂದು ಅಡುಗೆಮನೆ ತಕ್ಕಡಿ

ಅಮ್ಮನಿಗೆ ಸಕ್ಕರೆ ಕಾಯಿಲೆ. ಸಂಜೆ ಚಹಾಕ್ಕೆ ಬಿಸ್ಕತ್ತು ಬಿಡು ಅಂದರೆ ಬಿಡೋದಿಲ್ಲ. ಹಾಗಾಗಿ ಮನೆಯಲ್ಲಿ ಮೂರು ಬಗೆಯ ಪ್ಯಾಕೆಟ್ಟು ಸೇರಿಕೊಂಡಿದ್ದವು: ಔಷಧಿ ಅಂಗಡಿಯಿಂದ ತಂದ ‘ಶುಗರ್ ಫ್ರೀ’, ತಂಗಿ ತಂದ ‘ನ್ಯಾಚುರಲ್’ ರಾಗಿ-ಬೆಲ್ಲದ ಕುಕ್ಕಿ, ಮೂಲೆ ಅಂಗಡಿಯ ಮಾಮೂಲಿ ಮಾರಿ. ಒಂದು ಭಾನುವಾರ ಮೂರನ್ನೂ ತಿರುಗಿಸಿ ಹಿಂಬದಿ ಓದಲು ಕೂತೆ.

ಮೊದಲು ಶುಗರ್ ಫ್ರೀ. 100 ಗ್ರಾಂನಲ್ಲಿ ಒಟ್ಟು ಸಕ್ಕರೆ 0.3 ಗ್ರಾಂ. ನಮ್ಮಲ್ಲಿ 0.5 ಗ್ರಾಂ ಮೀರದಿದ್ದರೆ ಹಾಗೆ ಬರೆದುಕೊಳ್ಳಬಹುದು, ಆದ್ದರಿಂದ ಸುಳ್ಳೇನಲ್ಲ. ಆದರೆ ಅದರ ಮೇಲಿನ ಸಾಲಿನಲ್ಲಿ ಕಾರ್ಬೋಹೈಡ್ರೇಟ್ 72 ಗ್ರಾಂ ಅಂತಿತ್ತು. ಸಕ್ಕರೆ ಇಲ್ಲದಿದ್ದರೆ ಈ 72 ಎಲ್ಲಿಂದ ಬಂತು? ಉತ್ತರ ಪದಾರ್ಥಗಳ ಪಟ್ಟಿಯಲ್ಲಿತ್ತು. ಯಾವುದು ಹೆಚ್ಚು ತೂಕವೋ ಅದು ಮೊದಲು ಬರಬೇಕೆಂಬುದು ನಿಯಮ. ಇಲ್ಲಿ ಮೊದಲನೆಯದು ಮೈದಾ, ಎರಡನೆಯದು ಪಾಮ್ ಎಣ್ಣೆ, ಮೂರನೆಯದು ಮಾಲ್ಟಿಟಾಲ್ (965). ಮೈದಾದ ಪಿಷ್ಟ ‘ಸಕ್ಕರೆ’ ಸಾಲಿನ ಲೆಕ್ಕಕ್ಕೆ ಬರುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ಮಾತ್ರ ಗ್ಲೂಕೋಸೇ ಆಗುತ್ತದೆ. ಮಾಲ್ಟಿಟಾಲ್ ಒಂದು ಪಾಲಿಯಾಲ್, ಅಂದರೆ ಸಕ್ಕರೆಯ ಬದಲು ಸಿಹಿಗೆ ಹಾಕುವ ಒಂದು ಬಗೆಯ ಕಾರ್ಬೋಹೈಡ್ರೇಟ್. 100 ಗ್ರಾಂ ಬಿಸ್ಕತ್ತಿನಲ್ಲಿ 16 ಗ್ರಾಂ ಇತ್ತು. ಸಕ್ಕರೆಯಷ್ಟಲ್ಲದಿದ್ದರೂ ಅದಕ್ಕೂ ಕ್ಯಾಲೊರಿ ಉಂಟು, ರಕ್ತದ ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತದೆ.

ತಮಾಷೆ ಅಂದರೆ, 100 ಗ್ರಾಂ ಲೆಕ್ಕದಲ್ಲಿ ಹೋಲಿಸಿದರೂ ಪೂರ್ತಿ ಗೊತ್ತಾಗುವುದಿಲ್ಲ. ಅಮ್ಮ ತಿನ್ನೋದು ಗ್ರಾಂ ಲೆಕ್ಕದಲ್ಲಲ್ಲ, ‘ನಾಲ್ಕು’ ಲೆಕ್ಕದಲ್ಲಿ. ಅಡುಗೆಮನೆ ತಕ್ಕಡಿ ತಂದು ತೂಗಿದೆ. ನಾಲ್ಕು ಶುಗರ್ ಫ್ರೀ 28 ಗ್ರಾಂ, ನಾಲ್ಕು ಮಾರಿ 20 ಗ್ರಾಂ. ಶುಗರ್ ಫ್ರೀ ನಾಲ್ಕರಲ್ಲಿ ಕಾರ್ಬೋಹೈಡ್ರೇಟ್ 20 ಗ್ರಾಂ, ಅದರಲ್ಲಿ ಪಾಲಿಯಾಲ್ ನಾಲ್ಕೂವರೆ ಕಳೆದರೆ ಉಳಿಯೋದು ಹದಿನೈದೂವರೆ ಚಿಲ್ಲರೆ. ಮಾರಿ ನಾಲ್ಕರಲ್ಲಿ, ಸಕ್ಕರೆಯನ್ನೂ ಸೇರಿಸಿ, 15.4. ಸರಿಸುಮಾರು ಒಂದೇ! ಕ್ಯಾಲೊರಿಯಲ್ಲಂತೂ ಶುಗರ್ ಫ್ರೀ 125, ಮಾರಿ 88. ಬೆಲೆ ಮಾತ್ರ ಮೂರು ಪಟ್ಟು.

ಇನ್ನು ರಾಗಿ-ಬೆಲ್ಲದ ಕುಕ್ಕಿ. ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರ, ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಮಾತು. ಪಟ್ಟಿ ಹೀಗಿತ್ತು: ಗೋಧಿ ಹಿಟ್ಟು, ಬೆಲ್ಲ, ಪಾಮ್ ಎಣ್ಣೆ, ರಾಗಿ ಹಿಟ್ಟು (9%), ಇನ್ವರ್ಟ್ ಸಿರಪ್, ಜೇನುತುಪ್ಪ. ಮುಂದೆ ಎತ್ತಿ ತೋರಿಸಿದ ಪದಾರ್ಥದ ಪ್ರಮಾಣ ಹೇಳಲೇಬೇಕಾದ್ದರಿಂದ ಆ 9% ಹೊರಬಿತ್ತು, ಇಲ್ಲದಿದ್ದರೆ ರಾಗಿ ಕುಕ್ಕಿಯೆಂದೇ ನಂಬುತ್ತಿದ್ದೆ. ಬೆಲ್ಲ, ಸಿರಪ್ಪು, ಜೇನು ಮೂರೂ ಸಿಹಿಯೇ, ಆದರೆ ಬೇರೆ ಬೇರೆ ಹೆಸರಿನಲ್ಲಿ ಬಿಡಿಬಿಡಿಯಾಗಿ ಕೂತರೆ ಕಣ್ಣಿಗೆ ದೊಡ್ಡದಾಗಿ ಬೀಳುವುದಿಲ್ಲ. ‘ಒಟ್ಟು ಸಕ್ಕರೆ’ ಸಾಲು ಮೂರನ್ನೂ ಕೂಡಿಸಿ ತೋರಿಸುತ್ತದೆ: 100 ಗ್ರಾಂಗೆ 27. ಮಾರಿಯದು 22! ಪ್ಯಾಕೆಟ್ಟಿನ ಮೇಲೆ ‘ಒಂದು ಸರ್ವಿಂಗ್’ ಅಂದರೆ ಒಂದೇ ಕುಕ್ಕಿ, ಹನ್ನೆರಡೂವರೆ ಗ್ರಾಂ. ಒಂದೇ ಕುಕ್ಕಿ ತಿಂದು ಡಬ್ಬಿ ಮುಚ್ಚಿಟ್ಟವರನ್ನು ನಮ್ಮ ಮನೆಯಲ್ಲಂತೂ ನಾನು ನೋಡಿಲ್ಲ.

ಓದಿದ್ದು ನಿಜವೋ ಅಂತ ಗ್ಲೂಕೋಮೀಟರಿನಲ್ಲೂ ನೋಡಿದೆವು. ಮೂರು ಸಂಜೆ, ಸಕ್ಕರೆ ಹಾಕದ ಅದೇ ಚಹಾ, ತಿನ್ನುವ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ. ನಾಲ್ಕು ಮಾರಿಗೆ 128 ಇದ್ದದ್ದು 171 ಆಯ್ತು, ನಾಲ್ಕು ಶುಗರ್ ಫ್ರೀಗೆ 126ರಿಂದ 164, ಎರಡು ಕುಕ್ಕಿಗೆ 131ರಿಂದ 182. ಮನೆಯ ಮೀಟರು ಶೇಕಡಾ ಹತ್ತು-ಹದಿನೈದು ಆಚೀಚೆ ತೋರಿಸುವುದು ಮಾಮೂಲು, ಅದೂ ಒಂದೊಂದೇ ಸಲ ನೋಡಿದ್ದು. ಹಾಗಾಗಿ ಯಾವುದು ಗೆದ್ದಿತೆಂದು ನಾನು ಹೇಳಲಾರೆ. ಶುಗರ್ ಫ್ರೀ ತಿಂದರೆ ಏರುವುದೇ ಇಲ್ಲ ಎಂಬ ಅಮ್ಮನ ನಂಬಿಕೆ ತಪ್ಪು ಅಂತ ಹೇಳಲು ಅಷ್ಟು ಸಾಕಾಯ್ತು.

ಆ ನಂಬಿಕೆಯ ಮೇಲೆಯೇ ಹಿಂದಿನ ತಿಂಗಳು ಅವರು ಒಂದು ದಿನ 150 ಗ್ರಾಂ ಪ್ಯಾಕೆಟ್ಟನ್ನು ಒಬ್ಬರೇ ಮುಗಿಸಿದ್ದರು. ‘ಸಕ್ಕರೆ ಇಲ್ವಲ್ಲೋ’ ಎಂಬ ಸಮಜಾಯಿಷಿ ಬೇರೆ. ರಾತ್ರಿಯೆಲ್ಲ ಹೊಟ್ಟೆ ಗುಡುಗುಡು, ಬೆಳಗ್ಗೆ ಭೇದಿ. ಮಧ್ಯಾಹ್ನದ ಚಟ್ನಿಗೆ ಬೈದುಕೊಂಡೆವು. ಈಗ ನೋಡಿದರೆ ಪ್ಯಾಕೆಟ್ಟಿನ ಮಡಿಕೆಯೊಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಪಾಲಿಯಾಲ್‌ನಿಂದ ಭೇದಿಯಾಗಬಹುದು. ಶೇಕಡಾ ಹತ್ತು ಅಥವಾ ಹೆಚ್ಚು ಪಾಲಿಯಾಲ್ ಇರುವ ತಿನಿಸಿಗೆ ಈ ಎಚ್ಚರಿಕೆ ಕಡ್ಡಾಯ. ಅಮ್ಮ ಅವತ್ತು ತಿಂದದ್ದು 24 ಗ್ರಾಂ.

ಈಗ ನಮ್ಮ ಡಬ್ಬಿಯಲ್ಲಿ ಮಾರಿ ಮಾತ್ರ ಇದೆ. ಚಹಾಕ್ಕೆ ಎರಡು, ಜೊತೆಗೆ ಒಂದು ಹಿಡಿ ಹುರಿಗಡಲೆ. ರಾಗಿ ಕುಕ್ಕಿಯನ್ನು ತಂಗಿಯ ಮಕ್ಕಳು ಒಂದೇ ಮಧ್ಯಾಹ್ನ ಖಾಲಿ ಮಾಡಿದರು.